ಅರ್ಧದಲ್ಲಿ ನಿಲ್ಲುವ ಸ್ಲೈಡಿಂಗ್ ಗೇಟು: ದೋಷವನ್ನು ಪತ್ತೆ ಹಚ್ಚುವ ಕ್ರಮ

ಕಾರ್ಖಾನೆ ಹಾಗೂ ಗೋದಾಮುಗಳ ಹೆಬ್ಬಾಗಿಲಿಗೆ ಮೋಟಾರು ಚಾಲಿತ ಸ್ಲೈಡಿಂಗ್ ಗೇಟುಗಳನ್ನು ಅಳವಡಿಸುವುದು ಈಗ ಸಣ್ಣ ಉದ್ದಿಮೆಗಳಲ್ಲಿಯೂ ಸಾಮಾನ್ಯವಾಗಿದೆ. ಇಂತಹ ಗೇಟು ಪೂರ್ಣವಾಗಿ ಕೆಟ್ಟು ನಿಂತಲ್ಲಿ ದುರಸ್ತಿಯು ಕಷ್ಟವೇನಲ್ಲ. ಏನೋ ಒಂದು ಭಾಗ ಹಾಳಾಗಿರುವುದು ಸ್ಪಷ್ಟವಾಗಿಯೇ ಇರುತ್ತದೆ. ತೊಂದರೆಯಾಗುವುದು ಗೇಟು ಕೆಲವೊಮ್ಮೆ ಸರಿಯಾಗಿ ಚಲಿಸಿ, ಕೆಲವೊಮ್ಮೆ ಅರ್ಧದಲ್ಲಿ ನಿಂತುಬಿಡುವಾಗ. ಮೆಕ್ಯಾನಿಕ್ ಬಂದ ವೇಳೆಗೆ ಅದು ಸರಿಯಾಗಿಯೇ ಓಡುತ್ತಿರುತ್ತದೆ. ಆತನು ಊಹೆಯ ಮೇಲೆ ಒಂದು ಭಾಗವನ್ನು ಬದಲಿಸಿ ಹೋಗುತ್ತಾನೆ. ಎರಡು ದಿನಗಳ ನಂತರ ಸರಕು ತುಂಬಿದ ಲಾರಿಯೊಂದು ಮತ್ತೆ ಅರ್ಧ ತೆರೆದ ಗೇಟಿನ ಮುಂದೆ ನಿಂತಿರುತ್ತದೆ. ಕೊನೆಗೆ ಕಂಟ್ರೋಲ್ ಬೋರ್ಡನ್ನೇ ಬದಲಿಸಬೇಕೆಂಬ ಸಲಹೆ ಬರುತ್ತದೆ. ಬೋರ್ಡು ಈ ಯಂತ್ರದ ದುಬಾರಿ ಭಾಗಗಳಲ್ಲೊಂದು. ಆದರೆ ಅನೇಕ ವೇಳೆ ದೋಷವಿರುವುದು ಅಲ್ಲಿ ಅಲ್ಲ.

ಗೇಟು ಎಲ್ಲಿ ನಿಂತಿತು, ಯಾವ ದಿಕ್ಕಿನಲ್ಲಿ ಚಲಿಸುವಾಗ ನಿಂತಿತು, ನಿಂತಾಗ ಮೋಟಾರಿನಿಂದ ಸದ್ದು ಬರುತ್ತಿತ್ತೇ ಇಲ್ಲವೇ ಎಂಬ ಮೂರು ಸಂಗತಿಗಳನ್ನು ಬರೆದಿಟ್ಟುಕೊಂಡಲ್ಲಿ ದೋಷದ ಸ್ಥಾನವು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ. ಶಿವಮೊಗ್ಗ ಸಮೀಪದ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಸಣ್ಣ ಯಂತ್ರಭಾಗ ತಯಾರಿಕಾ ಘಟಕವೊಂದರ ಉದಾಹರಣೆಯ ಮೂಲಕ ಈ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಘಟಕದ ಸಮಸ್ಯೆ

ಈ ಘಟಕದ ಗೇಟು 20 ಅಡಿ ಉದ್ದವಿದ್ದು, ಸುಮಾರು 500 ಕೆ.ಜಿ. ತೂಗುತ್ತದೆ. ನೆಲದಲ್ಲಿ ಹಾಕಿದ ಹಳಿಯ ಮೇಲೆ ಎರಡು ಚಕ್ರಗಳಿಂದ ಉರುಳುತ್ತದೆ. ಮೋಟಾರು 230 ವೋಲ್ಟ್ ಸಿಂಗಲ್ ಫೇಸಿನದು. ಅದರ ಹಲ್ಲುಗಾಲಿಯು ಗೇಟಿನ ಕೆಳಭಾಗಕ್ಕೆ ಜೋಡಿಸಿದ ಹಲ್ಲಿನ ಪಟ್ಟಿಯನ್ನು ತಳ್ಳುವುದರಿಂದ ಗೇಟು ಸರಿಯುತ್ತದೆ. ಅಳವಡಿಸಿ ನಾಲ್ಕನೆಯ ವರ್ಷದ ಮಳೆಗಾಲದ ಆರಂಭದಲ್ಲಿ ಗೇಟು ನಡುವೆ ನಿಲ್ಲತೊಡಗಿತು. ಮೊದಲು ಬಂದ ಮೆಕ್ಯಾನಿಕ್ ರಿಮೋಟಿನ ಬ್ಯಾಟರಿಯನ್ನು ಬದಲಿಸಿದನು. ಫಲವಾಗಲಿಲ್ಲ. ಎರಡನೆಯ ಬಾರಿ ಬಂದಾಗ ಬೋರ್ಡು ಹೋಗಿದೆಯೆಂದು ಹೇಳಿ, 9,800 ರೂಪಾಯಿಗಳ ಅಂದಾಜು ಪಟ್ಟಿಯನ್ನು ನೀಡಿದನು.

ಪಟ್ಟಿಯು ಮಂಜೂರಾತಿಗಾಗಿ ಮೇಜಿಗೆ ಬಂದಾಗ ಘಟಕದ ಲೆಕ್ಕಿಗರು ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ ಎಷ್ಟು ಸಲ ನಿಲ್ಲುತ್ತದೆ, ತೆರೆಯುವಾಗಲೋ ಮುಚ್ಚುವಾಗಲೋ?" ಮಾಲೀಕರಲ್ಲಾಗಲಿ, ಮೆಕ್ಯಾನಿಕ್‌ನಲ್ಲಾಗಲಿ ಇದಕ್ಕೆ ಉತ್ತರವಿರಲಿಲ್ಲ. ಆದ್ದರಿಂದ ಮೂರು ದಿನಗಳ ಮಟ್ಟಿಗೆ ಖರೀದಿಯನ್ನು ತಡೆಹಿಡಿದು, ಕಾವಲುಗಾರನ ಕೈಗೆ ಒಂದು ನೋಟ್ ಪುಸ್ತಕವನ್ನು ಕೊಡಲಾಯಿತು. ಕಾಂಪೌಂಡ್ ಗೋಡೆಯ ಮೇಲೆ ಅಡಿಗೊಂದರಂತೆ ಸುಣ್ಣದ ಗುರುತುಗಳನ್ನು ಹಾಕಲಾಯಿತು. ಗೇಟು ನಿಂತಾಗಲೆಲ್ಲ ಸಮಯ, ದಿಕ್ಕು, ಎಷ್ಟನೆಯ ಅಡಿ, ಸದ್ದಿತ್ತೇ ಇಲ್ಲವೇ, ಮತ್ತೊಮ್ಮೆ ಗುಂಡಿ ಒತ್ತಿದಾಗ ಏನಾಯಿತು ಎಂಬ ಐದು ಅಂಶಗಳನ್ನು ಬರೆಯುವಂತೆ ಸೂಚಿಸಲಾಯಿತು.

ಮೂರು ದಿನಗಳಲ್ಲಿ ಗೇಟು 64 ಬಾರಿ ಚಲಿಸಿ, 12 ಬಾರಿ ನಡುವೆ ನಿಂತಿತ್ತು. ಈ 12ರಲ್ಲಿ 9 ಬಾರಿ ನಿಂತದ್ದು ಮುಚ್ಚುವಾಗ ಮಾತ್ರ. ಎಲ್ಲವೂ 12 ಮತ್ತು 14ನೆಯ ಅಡಿಗಳ ನಡುವೆ. ಪ್ರತಿ ಸಲವೂ ಮೋಟಾರು "ಗುಂಯ್" ಎನ್ನುತ್ತಿತ್ತು. ಉಳಿದ 3 ಬಾರಿ ಮಾತ್ರ ಬೇರೆ ಬೇರೆ ಜಾಗಗಳಲ್ಲಿ, ಎರಡೂ ದಿಕ್ಕುಗಳಲ್ಲಿ, ಯಾವ ಸದ್ದೂ ಇಲ್ಲದೆ ನಿಂತಿತ್ತು. ಗುಂಡಿಯನ್ನು ಮತ್ತೊಮ್ಮೆ ಒತ್ತಿದಾಗ ಹಿಂದಕ್ಕೆ ಹೊರಟಿತ್ತು. ಒಂದೇ ದೋಷವೆಂದು ಎಲ್ಲರೂ ಭಾವಿಸಿದ್ದು ವಾಸ್ತವದಲ್ಲಿ ಎರಡು ಬೇರೆ ದೋಷಗಳಾಗಿದ್ದವು.

ಮೊದಲು ಕೈಯಿಂದ ತಳ್ಳಿ ನೋಡುವುದು

ವಿದ್ಯುತ್ತಿನ ಭಾಗಗಳನ್ನು ಮುಟ್ಟುವ ಮೊದಲು ಗೇಟು ಸಲೀಸಾಗಿ ಉರುಳುತ್ತದೆಯೇ ಎಂಬುದನ್ನು ನೋಡಬೇಕು. ಎಂಸಿಬಿಯನ್ನು ಆಫ್ ಮಾಡಿ, ಮೋಟಾರಿನೊಂದಿಗೆ ಬಂದಿರುವ ಬೀಗದ ಕೈಯಿಂದ ಅದರ ಕ್ಲಚ್ಚನ್ನು ಬಿಡಿಸಿದರೆ ಗೇಟು ಮೋಟಾರಿನಿಂದ ಬೇರ್ಪಡುತ್ತದೆ. ಹಳಿಯು ಇಳಿಜಾರಾಗಿದ್ದಲ್ಲಿ ಗೇಟು ತಾನಾಗಿಯೇ ಉರುಳುವ ಸಂಭವವಿರುವುದರಿಂದ ಒಬ್ಬರು ಅದನ್ನು ಹಿಡಿದಿರಬೇಕು. ಹಳಿಯ ಎರಡೂ ತುದಿಗಳಲ್ಲಿ ಗಟ್ಟಿಯಾದ ತಡೆಗಳಿವೆಯೇ ಎಂಬುದನ್ನು ಇದಕ್ಕೂ ಮೊದಲೇ ಖಚಿತಪಡಿಸಿಕೊಳ್ಳಬೇಕು. ತಡೆಯಿಲ್ಲದ ಗೇಟು ಮೇಲಿನ ಆಧಾರದ ರೋಲರುಗಳಿಂದ ಕಳಚಿ ಮನುಷ್ಯರ ಮೇಲೆ ಬೀಳಬಲ್ಲದು, 500 ಕೆ.ಜಿ. ಭಾರದ ಕೆಳಗೆ ಸಿಕ್ಕವರು ಉಳಿಯುವುದು ಕಷ್ಟ.

ಒಬ್ಬ ವ್ಯಕ್ತಿಯು ಒಂದೇ ಬಲದಿಂದ ಗೇಟನ್ನು ಈ ತುದಿಯಿಂದ ಆ ತುದಿಯವರೆಗೆ ತಳ್ಳಿ ತರಬೇಕು. ಎಲ್ಲಿಯಾದರೂ ಬಿಗಿಯಾದರೆ ಆ ಜಾಗಕ್ಕೆ ಗುರುತು ಹಾಕಬೇಕು. ಹಳಿಯಲ್ಲಿ ಒಣಗಿದ ಮಣ್ಣು, ಲಾರಿಯ ಗಾಲಿ ಹತ್ತಿ ಕುಸಿದ ಹಳಿ, ಸವೆದ ಚಕ್ರದ ಬೇರಿಂಗು, ಹಲ್ಲುಗಾಲಿಯ ಮೇಲೆ ಭಾರ ಬಿಡುವಂತೆ ಕೆಳಗಿಳಿದ ಹಲ್ಲಿನ ಪಟ್ಟಿ ಇವು ಸಾಮಾನ್ಯ ಕಾರಣಗಳು. ಪಟ್ಟಿಗೂ ಹಲ್ಲುಗಾಲಿಗೂ ನಡುವೆ ಉದ್ದಕ್ಕೂ 1ರಿಂದ 2 ಮಿ.ಮೀ. ಸಂದು ಇರುವುದು ಅವಶ್ಯ.

ಮಾಚೇನಹಳ್ಳಿಯ ಗೇಟು ತೆರೆಯುವ ದಿಕ್ಕಿನಲ್ಲಿ ಸರಾಗವಾಗಿ ಉರುಳಿತು. ಮುಚ್ಚುವ ದಿಕ್ಕಿನಲ್ಲಿ ಮಾತ್ರ 13ನೆಯ ಅಡಿಯ ಬಳಿ ತಡೆಯಿತು. ನೋಡಿದರೆ ಹಳಿಯ ಎರಡು ತುಂಡುಗಳು ಕೂಡುವ ಜಾಗದಲ್ಲಿ, ಲಾರಿಗಳ ಓಡಾಟದಿಂದ ಒಂದು ತುಂಡು ಕುಸಿದು ಸುಮಾರು 3 ಮಿ.ಮೀ. ಎತ್ತರದ ಮೆಟ್ಟಿಲು ಉಂಟಾಗಿತ್ತು. ಮುಚ್ಚುವಾಗ ಮುಂದಿನ ಚಕ್ರವು ಅದನ್ನು ಹತ್ತಬೇಕಾಗಿತ್ತು, ತೆರೆಯುವಾಗ ಇಳಿಯುತ್ತಿತ್ತು. ಒಂದೇ ದಿಕ್ಕಿನಲ್ಲಿ, ಒಂದೇ ಜಾಗದಲ್ಲಿ ನಿಲ್ಲುತ್ತಿದ್ದುದರ ಅರ್ಧ ಕಾರಣ ಇದಾಗಿತ್ತು. ಆದರೆ ಮೆಟ್ಟಿಲು ಒಂದು ವಾರದಲ್ಲಿ ಆದುದಲ್ಲ. ಹಿಂದಿನ ವರ್ಷವೂ ಅದು ಇದ್ದಿರಲೇಬೇಕು. ಆಗ ಅದನ್ನು ಹತ್ತುತ್ತಿದ್ದ ಮೋಟಾರು ಈಗ ಏಕೆ ಹತ್ತುತ್ತಿಲ್ಲವೆಂಬುದು ಉಳಿದ ಪ್ರಶ್ನೆ.

ಲಿಮಿಟ್ ಸ್ವಿಚ್ಚಿನ ಪರೀಕ್ಷೆ

ಗೇಟು ತುದಿಯನ್ನು ತಲುಪಿದಾಗ ಮೋಟಾರನ್ನು ನಿಲ್ಲಿಸುವುದು ಲಿಮಿಟ್ ಸ್ವಿಚ್ಚಿನ ಕೆಲಸ. ಕೆಲವು ಮಾದರಿಗಳಲ್ಲಿ ಮೋಟಾರಿನಿಂದ ಹೊರಚಾಚಿದ ಸ್ಪ್ರಿಂಗ್ ಕಡ್ಡಿಯೊಂದನ್ನು ಹಲ್ಲಿನ ಪಟ್ಟಿಯ ಎರಡು ತುದಿಗಳಲ್ಲಿರುವ ತಗಡಿನ ಪಟ್ಟಿಗಳು ಬಾಗಿಸುತ್ತವೆ. ಇನ್ನು ಕೆಲವುಗಳಲ್ಲಿ ತಗಡಿನ ಬದಲು ಅಯಸ್ಕಾಂತಗಳಿರುತ್ತವೆ. ಸಾಮಾನ್ಯವಾಗಿ ತೆರೆಯುವ ಮಿತಿಗೆ ಒಂದು, ಮುಚ್ಚುವ ಮಿತಿಗೆ ಒಂದು ಎಂದು ಎರಡು ಪ್ರತ್ಯೇಕ ಸಂಪರ್ಕಗಳಿರುತ್ತವೆ. ಗೇಟು ನಡುವೆ ಇರುವಾಗ ಎರಡೂ ಕೂಡಿಕೊಂಡಿದ್ದು, ಮಿತಿ ಮುಟ್ಟಿದಾಗ ಆಯಾ ಸಂಪರ್ಕವು ಕಡಿಯುತ್ತದೆ.

ಇದರಿಂದ ಒಂದು ಮುಖ್ಯ ಪರಿಣಾಮ ಉಂಟಾಗುತ್ತದೆ. ಲಿಮಿಟ್ ಸ್ವಿಚ್ಚಿನ ತಂತಿ ತುಕ್ಕು ಹಿಡಿದು ಸಡಿಲವಾದಲ್ಲಿ, ಗೇಟಿನ ಅದುರುವಿಕೆಯಿಂದ ಸಂಪರ್ಕವು ಕ್ಷಣಕಾಲ ಕಡಿದರೂ ಬೋರ್ಡು ತುದಿ ಬಂದಿತೆಂದೇ ತಿಳಿದು ಮೋಟಾರನ್ನು ನಿಲ್ಲಿಸುತ್ತದೆ. ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿದಾಗಲೂ ಹೀಗಾಗುವುದುಂಟು. ಇಂತಹ ದೋಷಕ್ಕೆ ಎರಡು ಗುರುತುಗಳಿವೆ. ಮೊದಲನೆಯದು, ತೆರೆಯುವ ಮಿತಿಯ ದೋಷವು ತೆರೆಯುವಾಗ ಮಾತ್ರ, ಮುಚ್ಚುವ ಮಿತಿಯ ದೋಷವು ಮುಚ್ಚುವಾಗ ಮಾತ್ರ ಕಾಣಿಸುತ್ತದೆ. ಇಬ್ಬರಿಗೂ ಸಾಮಾನ್ಯವಾದ ತಂತಿಯೇ ಸಡಿಲವಾಗಿದ್ದರೆ ಮಾತ್ರ ಎರಡೂ ಕಡೆ. ಎರಡನೆಯದು, ಮೋಟಾರಿಗೆ ವಿದ್ಯುತ್ತೇ ನಿಂತುಹೋಗುವುದರಿಂದ ಗೇಟು ಸದ್ದಿಲ್ಲದೆ ನಿಲ್ಲುತ್ತದೆ.

ಪರೀಕ್ಷೆ ಸರಳವಾದುದು. ಎಂಸಿಬಿ ಆಫ್ ಮಾಡಿ, ಗೇಟನ್ನು ನಡುವೆ ಇರಿಸಿ, ಲಿಮಿಟ್ ಸ್ವಿಚ್ಚಿನ ತಂತಿಗಳನ್ನು ಬೋರ್ಡಿನಿಂದ ಬಿಡಿಸಿ, ಮಲ್ಟಿಮೀಟರನ್ನು ಸದ್ದು ಮಾಡುವ ಸ್ಥಾನದಲ್ಲಿಟ್ಟು ಪ್ರತಿ ಸಂಪರ್ಕವನ್ನು ನೋಡಬೇಕು. ಕಡ್ಡಿಯು ನಡುವೆ ಇರುವಾಗ ಸದ್ದು ಬರಬೇಕು. ಒಂದು ಕಡೆಗೆ ಬಾಗಿಸಿದಾಗ ಒಂದು ಸಂಪರ್ಕ ಮಾತ್ರ ಕಡಿಯಬೇಕು. ನಂತರ ತಂತಿಗಳನ್ನು ಕೈಯಿಂದ ಮೆಲ್ಲಗೆ ಅಲುಗಾಡಿಸಬೇಕು. ಆಗ ಸದ್ದು ತಡವರಿಸಿದಲ್ಲಿ ದೋಷ ಸಿಕ್ಕಂತೆಯೇ. ಅಯಸ್ಕಾಂತದ ಮಾದರಿಗಳಲ್ಲಿ ಬೋರ್ಡಿನ ಮೇಲಿನ ಪುಟ್ಟ ದೀಪಗಳನ್ನು ನೋಡಿ, ಗೇಟು ಮಿತಿಗೆ ಬಂದಾಗ ಮಾತ್ರ ಆಯಾ ದೀಪದ ಸ್ಥಿತಿ ಬದಲಾಗುತ್ತದೆಯೇ ಎಂದು ತಿಳಿಯಬಹುದು.

ಮುಚ್ಚುವಾಗ ಮಾತ್ರ ಸದ್ದಿಲ್ಲದೆ ನಿಂತು ಮತ್ತೆ ತಾನಾಗಿಯೇ ತೆರೆದುಕೊಂಡರೆ, ಲಿಮಿಟ್ ಸ್ವಿಚ್ಚಿಗಿಂತ ಮೊದಲು ಕಂಬಗಳ ಮೇಲಿನ ಸುರಕ್ಷತಾ ಕಣ್ಣಿನ ಗಾಜನ್ನು ಒರೆಸಿ ನೋಡುವುದು ಲೇಸು. ಅದು ತೊಂದರೆ ಕೊಡುತ್ತದೆಂದು ತಂತಿ ಜೋಡಿಸಿ ನಿಷ್ಕ್ರಿಯಗೊಳಿಸುವ ಪದ್ಧತಿ ಕೆಲವೆಡೆ ಇದೆ. ಗೇಟಿನ ದಾರಿಯಲ್ಲಿ ನಿಂತವರಿಗೆ ಆ ಕಣ್ಣೇ ರಕ್ಷಣೆಯಾದ್ದರಿಂದ ಹಾಗೆ ಮಾಡಲೇಬಾರದು.

ಮಾಚೇನಹಳ್ಳಿಯಲ್ಲಿ ಲಿಮಿಟ್ ಸ್ವಿಚ್ಚು ನಿರ್ದೋಷಿಯೆಂದು ತಿಳಿಯಿತು. ವಾಸ್ತವವಾಗಿ ಪುಸ್ತಕದ ದಾಖಲೆಯೇ ಇದನ್ನು ಸೂಚಿಸಿತ್ತು. 9 ಬಾರಿಯೂ ಮೋಟಾರು ಸದ್ದು ಮಾಡುತ್ತಿತ್ತೆಂದರೆ, ಅದಕ್ಕೆ ವಿದ್ಯುತ್ತು ಬರುತ್ತಲೇ ಇತ್ತೆಂದು ಅರ್ಥ; ನಿಲ್ಲೆಂಬ ಆಜ್ಞೆಯನ್ನು ಯಾರೂ ಕೊಟ್ಟಿರಲಿಲ್ಲ.

ಕೆಪಾಸಿಟರಿನ ಪರೀಕ್ಷೆ

ಮೆಕ್ಯಾನಿಕ್‌ಗಳು ಕಂಡೆನ್ಸರ್ ಎಂದೂ ಕರೆಯುವ ಕೆಪಾಸಿಟರು ಮೋಟಾರಿನ ಎರಡು ಸುರುಳಿಗಳ ನಡುವೆ ಇದ್ದು, ತಿರುಗುವ ಬಲವನ್ನು ಹುಟ್ಟಿಸಲು ಅತ್ಯಾವಶ್ಯಕವಾದುದು. ಇದು ಪೂರ್ಣವಾಗಿ ಹೋದರೆ ಮೋಟಾರು ಸದ್ದು ಮಾಡುತ್ತದೆ, ತಿರುಗುವುದಿಲ್ಲ. ಆದರೆ ಬಹುತೇಕ ಇದು ಒಮ್ಮೆಲೇ ಹೋಗದೆ, ವರ್ಷಗಳ ಬಿಸಿಯಿಂದ ಸ್ವಲ್ಪ ಸ್ವಲ್ಪವಾಗಿ ತನ್ನ ಅಳತೆಯನ್ನು ಕಳೆದುಕೊಳ್ಳುತ್ತದೆ. ಆಗ ಮೋಟಾರಿನ ಬಲ ಕುಗ್ಗುತ್ತದೆ. ಸಮವಾದ ಹಳಿಯಲ್ಲಿ ಗೇಟು ಎಂದಿನಂತೆ ಓಡುತ್ತದೆ. ಬಿಗಿಯಾದ ಜಾಗ, ಏರು ಅಥವಾ ಎದುರುಗಾಳಿ ಬಂದಾಗ ಮಾತ್ರ ಸೋತು ನಿಲ್ಲುತ್ತದೆ. ಹೀಗೆ ನಿಂತ ಮೋಟಾರು ಬೇಗ ಬಿಸಿಯಾಗಿ, ಅದರೊಳಗಿನ ಉಷ್ಣರಕ್ಷಕವು ವಿದ್ಯುತ್ತನ್ನು ಕಡಿಯಬಹುದು. ಆಗ ತಣ್ಣಗಾಗುವವರೆಗೆ ಯಾವ ಗುಂಡಿಗೂ ಗೇಟು ಸ್ಪಂದಿಸುವುದಿಲ್ಲ. ಇದನ್ನು ನೋಡಿದವರು ಬೋರ್ಡೇ ಸತ್ತಿದೆಯೆಂದು ಭಾವಿಸುವುದು ಸಹಜ.

ಕೆಪಾಸಿಟರನ್ನು ಪರೀಕ್ಷಿಸುವ ಕೆಲಸವನ್ನು ವಿದ್ಯುತ್ ಕೆಲಸ ಬಲ್ಲವರಿಂದಲೇ ಮಾಡಿಸಬೇಕು. ಎಂಸಿಬಿ ಆಫ್ ಆದ ನಂತರವೂ ಅದರಲ್ಲಿ ವಿದ್ಯುತ್ತು ಉಳಿದಿರಬಹುದು. ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ಕೂಡಿಸುವ ರೂಢಿ ಅಪಾಯಕರ. ಹೋಲ್ಡರಿಗೆ ಹಾಕಿದ ಸಾಧಾರಣ ತಂತುಬಲ್ಬಿನ ಎರಡು ತಂತಿಗಳನ್ನು ಅದರ ತುದಿಗಳಿಗೆ ಕೆಲ ಕ್ಷಣ ಮುಟ್ಟಿಸಿದರೆ ಅದು ಸುರಕ್ಷಿತವಾಗಿ ಬರಿದಾಗುತ್ತದೆ. ಅನಂತರ ತಂತಿ ಬಿಡಿಸಿ, ಕೆಪಾಸಿಟರ್ ಅಳೆಯುವ ಸೌಲಭ್ಯವಿರುವ ಮಲ್ಟಿಮೀಟರಿನಿಂದ ಅಳೆಯಬೇಕು. ಮೈಮೇಲೆ 16 ಮೈಕ್ರೋಫ್ಯಾರಡ್, ಹೆಚ್ಚುಕಡಿಮೆ ಶೇ. 5 ಎಂದು ಮುದ್ರಿತವಾಗಿದ್ದಲ್ಲಿ 15.2ರಿಂದ 16.8ರವರೆಗಿನ ಅಳತೆ ಸರಿ. ಅದಕ್ಕಿಂತ ಗಣನೀಯವಾಗಿ ಕಡಿಮೆಯಿದ್ದರೆ, ಅಥವಾ ಮೈ ಉಬ್ಬಿದ್ದರೆ ಬದಲಿಸಬೇಕು. ಹೊಸದು ಅದೇ ಮೈಕ್ರೋಫ್ಯಾರಡಿನದಾಗಿದ್ದು, ವೋಲ್ಟೇಜು ಹಳೆಯದರಷ್ಟೇ ಅಥವಾ ಹೆಚ್ಚಿನದಾಗಿರಬೇಕು. ಬಲ ಹೆಚ್ಚಲೆಂದು ದೊಡ್ಡ ಅಳತೆಯದನ್ನು ಹಾಕಿದರೆ ಸುರುಳಿಯು ಬಿಸಿಯಾಗಿ ಮೋಟಾರೇ ಸುಡಬಹುದು.

ಇದೇ ಸಂದರ್ಭದಲ್ಲಿ ಮೋಟಾರು ಚಲಿಸುತ್ತಿರುವಾಗ ಅದಕ್ಕೆ ಬರುವ ವೋಲ್ಟೇಜನ್ನೂ ನೋಡುವುದು ಯುಕ್ತ. ಮೋಟಾರಿನ ಬಲವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 230 ವೋಲ್ಟಿನ ಬದಲು 190 ವೋಲ್ಟ್ ಬಂದರೆ ಬಲವು ಸುಮಾರು ಶೇ. 68ಕ್ಕೆ ಇಳಿಯುತ್ತದೆ. ಕಾರ್ಖಾನೆಯ ಒಳಗಿನಿಂದ ತೆಳುವಾದ ಉದ್ದ ಕೇಬಲ್ ಎಳೆದಿರುವಲ್ಲಿ ಇದು ಅಪರೂಪವಲ್ಲ. ಕೆಪಾಸಿಟರು ಸರಿಯಿದ್ದೂ ಗೇಟು ಸೋಲುತ್ತಿದ್ದರೆ ಕೇಬಲನ್ನು ಶಂಕಿಸಬೇಕು.

ಮಾಚೇನಹಳ್ಳಿಯಲ್ಲಿ ವೋಲ್ಟೇಜು ಸರಿಯಾಗಿತ್ತು. ಆದರೆ 16 ಮೈಕ್ರೋಫ್ಯಾರಡಿನ ಕೆಪಾಸಿಟರು 10.6ನ್ನು ಮಾತ್ರ ತೋರಿಸಿತು. ಬಲ ಕುಗ್ಗಿದ ಮೋಟಾರು ಹಳೆಯ ಮೆಟ್ಟಿಲನ್ನು ಹತ್ತಲಾರದೆ ಹೋಗಿತ್ತು. 280 ರೂಪಾಯಿಗಳ ಹೊಸ ಕೆಪಾಸಿಟರನ್ನು ಹಾಕಿ, 1,200 ರೂಪಾಯಿಗಳಲ್ಲಿ ಹಳಿಯನ್ನು ಎತ್ತರಿಸಿ ಬೆಸುಗೆ ಹಾಕಿಸಿ ಉಜ್ಜಿಸಲಾಯಿತು. ಒಂದನ್ನೇ ಮಾಡಿದ್ದರೂ ಗೇಟು ಅಂದು ಓಡುತ್ತಿತ್ತು. ಮೆಟ್ಟಿಲನ್ನು ಹಾಗೆಯೇ ಬಿಟ್ಟಿದ್ದರೆ ಹೊಸ ಕೆಪಾಸಿಟರಿನ ಬಲವೂ ದಿನನಿತ್ಯ ಅಲ್ಲಿಯೇ ವ್ಯಯವಾಗುತ್ತಿತ್ತು.

ರಿಸೀವರು ಮತ್ತು ರಿಮೋಟಿನ ಪರೀಕ್ಷೆ

ಉಳಿದ 3 ಮೌನ ನಿಲುಗಡೆಗಳ ವಿಷಯ ಬೇರೆ. ಇವುಗಳನ್ನು ಅರಿಯಲು ರಿಮೋಟಿನ ತರ್ಕ ತಿಳಿದಿರಬೇಕು. ಒಂದೇ ಗುಂಡಿಯ ವ್ಯವಸ್ಥೆಯಲ್ಲಿ ಮೊದಲ ಒತ್ತು ತೆರೆಯುತ್ತದೆ, ಎರಡನೆಯದು ನಿಲ್ಲಿಸುತ್ತದೆ, ಮೂರನೆಯದು ಮುಚ್ಚುತ್ತದೆ. ಚಲನೆಯನ್ನು ಆರಂಭಿಸಲು ಒಂದು ಸಂಕೇತ ಸಾಕು. ಅದರ ನಂತರ ರಿಮೋಟಿನ ಅಗತ್ಯವೇ ಇಲ್ಲ. ಆದ್ದರಿಂದ, ಒತ್ತಿ ಹಿಡಿದಿರುವಷ್ಟು ಕಾಲ ಮಾತ್ರ ಚಲಿಸುವಂತೆ ಹೊಂದಿಸಿದ ಗೇಟುಗಳನ್ನು ಬಿಟ್ಟರೆ, ದುರ್ಬಲವಾದ ಬ್ಯಾಟರಿ ಅಥವಾ ಆಂಟೆನಾ ಗೇಟನ್ನು ನಡುವೆ ನಿಲ್ಲಿಸಲಾರದು. ಅದು ಗೇಟು ಹೊರಡದಂತೆ ಮಾಡಬಹುದು ಅಷ್ಟೆ. ನಡುವೆ ನಿಲ್ಲಿಸುವುದು ಸಂಕೇತದ ಕೊರತೆಯಲ್ಲ, ಹೆಚ್ಚುವರಿ ಸಂಕೇತ. ಮೊದಲ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದ್ದು ಫಲಿಸದಿರಲು ಕಾರಣ ಇದೇ.

ಹೆಚ್ಚುವರಿ ಸಂಕೇತವು ಹಲವು ಕಡೆಗಳಿಂದ ಬರಬಹುದು. ಇಬ್ಬರು ಒಟ್ಟಿಗೆ ಒತ್ತಬಹುದು. ರಿಮೋಟಿನ ರಬ್ಬರು ಹರಿದು ಗುಂಡಿ ಒಳಗೇ ಸಿಕ್ಕಿಕೊಂಡಿರಬಹುದು. ಪ್ರತಿ ಒತ್ತಿಗೂ ಬದಲಾಗುವ ಸಂಕೇತವಿಲ್ಲದ ಹಳೆಯ ಮಾದರಿಗಳಲ್ಲಿ ಪಕ್ಕದ ಕಟ್ಟಡದ ರಿಮೋಟಿನ ಸಂಕೇತವೇ ಹೊಂದಿಕೆಯಾಗಬಹುದು. ರಿಸೀವರೇ ಕೆಟ್ಟು ಅದರ ರಿಲೇ ಸುಮ್ಮನೆ ಬಡಿಯುತ್ತಿರಲೂಬಹುದು.

ಇವುಗಳನ್ನು ಬೇರ್ಪಡಿಸುವ ಕ್ರಮ ಎರಡು ಹಂತಗಳದು. ಮೊದಲು ಒಂದು ದಿನ ಎಲ್ಲ ರಿಮೋಟುಗಳನ್ನು ಸಂಗ್ರಹಿಸಿ, ಬ್ಯಾಟರಿ ತೆಗೆದು ಕಚೇರಿಯಲ್ಲಿಟ್ಟು, ಕಾವಲುಗಾರನ ಕೊಠಡಿಯ ತಂತಿ ಜೋಡಿತ ಗುಂಡಿಯಿಂದಲೇ ಗೇಟನ್ನು ನಡೆಸಬೇಕು. ನಿಲುಗಡೆ ಇಲ್ಲವಾದರೆ ದೋಷ ರಿಮೋಟುಗಳಲ್ಲಿದೆ ಅಥವಾ ಅವುಗಳನ್ನು ಬಳಸುವವರಲ್ಲಿದೆ. ನಿಲುಗಡೆ ಮುಂದುವರಿದರೆ ಎರಡನೆಯ ಹಂತದಲ್ಲಿ, ವಿದ್ಯುತ್ತು ಆಫ್ ಮಾಡಿ ರಿಸೀವರನ್ನೇ ಬೋರ್ಡಿನಿಂದ ಬಿಡಿಸಿ ಇನ್ನೊಂದು ದಿನ ನಡೆಸಬೇಕು. ಆಗ ನಿಂತರೆ ರಿಸೀವರು ನಿರ್ದೋಷಿ. ಲಿಮಿಟ್ ತಂತಿಗಳತ್ತ ಅಥವಾ ಗುಂಡಿಯ ತಂತಿಯತ್ತ ಮರಳಬೇಕು. ಬೋರ್ಡಿನ ಮೇಲೆ ಶಂಕೆ ಬರಬೇಕಾದುದು ಇವೆಲ್ಲ ಮುಗಿದ ಮೇಲೆ: ಲಿಮಿಟ್ ಸಂಪರ್ಕಗಳು ಸರಿಯಿದ್ದು, ಬೋರ್ಡಿನ ರಿಲೇ "ಟಕ್" ಎಂದು ಕೂಡಿಕೊಂಡೂ ಮೋಟಾರಿನ ತುದಿಗಳಿಗೆ ವೋಲ್ಟೇಜು ಬಾರದಿದ್ದರೆ ಮಾತ್ರ.

ಮಾಚೇನಹಳ್ಳಿಯಲ್ಲಿ ಮೊದಲ ಹಂತವೇ ಸಾಕಾಯಿತು. ತಂತಿಯ ಗುಂಡಿಯಿಂದ ನಡೆಸಿದ ದಿನ ಒಂದೂ ನಿಲುಗಡೆಯಾಗಲಿಲ್ಲ. ವಿಚಾರಿಸಿದಾಗ ಕಾವಲುಗಾರನಲ್ಲದೆ ಉಗ್ರಾಣದ ಮೇಲ್ವಿಚಾರಕರ ಬಳಿಯೂ ಒಂದು ರಿಮೋಟಿದ್ದುದು ತಿಳಿಯಿತು. ಲಾರಿ ಬಂದುದನ್ನು ಕಿಟಕಿಯಿಂದ ಕಂಡು ಅವರೂ ಒತ್ತುತ್ತಿದ್ದರು. ಕಾವಲುಗಾರನು ಅದಾಗಲೇ ಒತ್ತಿರುತ್ತಿದ್ದನು. ಮೇಲ್ವಿಚಾರಕರ ರಿಮೋಟನ್ನು ಕಚೇರಿಯ ವಶಕ್ಕೆ ಪಡೆಯಲಾಯಿತು. ಇದಕ್ಕೆ ಯಾವ ವೆಚ್ಚವೂ ತಗಲಲಿಲ್ಲ.

ದುರಸ್ತಿಯ ನಂತರ

ಬಲ ಮರಳಿದ ಮೋಟಾರು, ಸಲೀಸಾದ ಹಳಿಯ ಮೇಲೆ, ವಿದ್ಯುತ್ತು ಕಡಿದ ಬಳಿಕವೂ ಮೊದಲಿಗಿಂತ ಸ್ವಲ್ಪ ಹೆಚ್ಚು ದೂರ ಗೇಟನ್ನು ಒಯ್ಯುತ್ತದೆ. ಆದ್ದರಿಂದ ದುರಸ್ತಿಯಾದ ಕೂಡಲೇ ಮಿತಿಯ ತಗಡುಗಳನ್ನು ಮರುಹೊಂದಿಸುವುದು ಅಗತ್ಯ. ಈ ಘಟಕದಲ್ಲಿ ಮೊದಲ ಚಾಲನೆಯಲ್ಲಿಯೇ ಗೇಟು ಕಂಬಕ್ಕೆ ಬಡಿಯಿತು. ಮುಚ್ಚುವ ತಗಡನ್ನು 4 ಸೆಂ.ಮೀ. ಹಿಂದಕ್ಕೆ ಸರಿಸಿದ ಮೇಲೆ ಸರಿಹೋಯಿತು. ಈ ಹೊಂದಾಣಿಕೆಯ ವೇಳೆ ಗೇಟಿಗೂ ಕಂಬಕ್ಕೂ ನಡುವೆ ಯಾರೂ ನಿಲ್ಲಕೂಡದು.

ಒಟ್ಟು ವೆಚ್ಚ ಕೆಪಾಸಿಟರಿಗೆ 280, ಹಳಿಗೆ 1,200, ಎಲೆಕ್ಟ್ರಿಷಿಯನ್‌ನ ಕೂಲಿ 600, ಒಟ್ಟು 2,080 ರೂಪಾಯಿಗಳು. ಪುಸ್ತಕವನ್ನು ಮುಂದಿನ ಹತ್ತು ದಿನವೂ ಮುಂದುವರಿಸಲಾಯಿತು; ಒಂದು ನಿಲುಗಡೆಯೂ ದಾಖಲಾಗಲಿಲ್ಲ. 9,800 ರೂಪಾಯಿಗಳ ಬೋರ್ಡನ್ನು ಖರೀದಿಸಿದ್ದಲ್ಲಿ ಕೆಪಾಸಿಟರು, ಹಳಿ ಮತ್ತು ಎರಡನೆಯ ರಿಮೋಟು ಮೂರೂ ಇದ್ದಂತೆಯೇ ಇರುತ್ತಿದ್ದವು.

ಇಲ್ಲಿ ವಿವರಿಸಿದ ಕೆಪಾಸಿಟರಿನ ಭಾಗವು ಸಿಂಗಲ್ ಫೇಸ್ ಎ.ಸಿ. ಮೋಟಾರುಗಳಿಗೆ ಮಾತ್ರ ಅನ್ವಯಿಸುತ್ತದೆ. ಬ್ಯಾಟರಿಯಿಂದ ನಡೆಯುವ ಡಿ.ಸಿ. ಮೋಟಾರುಗಳಲ್ಲಿ ಹಾಗೂ ತ್ರೀ ಫೇಸ್ ಮೋಟಾರುಗಳಲ್ಲಿ ಈ ಬಗೆಯ ಕೆಪಾಸಿಟರು ಇರುವುದಿಲ್ಲ. ಉಳಿದ ಕ್ರಮ ಅವುಗಳಿಗೂ ಸಲ್ಲುತ್ತದೆ. ಯಾವುದೇ ಗೇಟಿನ ದುರಸ್ತಿಯ ಬಿಲ್ಲನ್ನು ಮಂಜೂರು ಮಾಡುವಾಗ, ತೆಗೆದ ಹಳೆಯ ಭಾಗವನ್ನು ಹಿಂದಕ್ಕೆ ಪಡೆಯುವುದು, ಅದನ್ನು ಅಳೆದಾಗ ಬಂದ ಅಂಕಿಯನ್ನು ಬಿಲ್ಲಿನ ಮೇಲೆಯೇ ಬರೆಸುವುದು, ಹಾಗೂ ಒಂದು ಬಾರಿಗೆ ಒಂದೇ ಭಾಗವನ್ನು ಬದಲಿಸಿ ಫಲವನ್ನು ನೋಡುವುದು ಉದ್ದಿಮೆದಾರರು ಪಾಲಿಸಬೇಕಾದ ನಿಯಮಗಳು. ಅಳತೆಯ ಅಂಕಿಯಿಲ್ಲದ ಬಿಲ್ಲು ಬಂದಲ್ಲಿ, ಭಾಗವು ಕೆಟ್ಟಿತ್ತೆಂದು ಹೇಗೆ ತಿಳಿಯಿತೆಂದು ಕೇಳಿದ ಬಳಿಕವೇ ಅದಕ್ಕೆ ಸಹಿ ಹಾಕಬೇಕು.